ಸ್ವೀಕೃತಿ ಸೀಲು ನಂಬಿ ಕೂರಬೇಡಿ

ನೋಡಿ, 40 ಲಕ್ಷದ ಚರಂಡಿ ಕೆಲಸ ಮುಗೀತು ಅಂದ್ಕೊಳ್ಳಿ. 30 ಲಕ್ಷದ ಬಿಲ್ ಪಾಸಾಗಿದೆ, ಅದರಲ್ಲಿ ಶೇ. 5ರಂತೆ ಒಂದೂವರೆ ಲಕ್ಷ ಹಿಡಿದಿಟ್ಟಿದ್ದಾರೆ. 10 ಲಕ್ಷದ ಅಂತಿಮ ಬಿಲ್ ಬಾಕಿ. ಗುತ್ತಿಗೆದಾರ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳ್ತಾನೆ. ತಪ್ಪಾಗೋದೇ ಇಲ್ಲಿ.

ಅಂತಿಮ ಬಿಲ್ಲಿಗೆ ಬೇಕಿರೋದು ಅಳತೆ ಪುಸ್ತಕದ ದಾಖಲೆ ಮತ್ತು ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ. ಹಿಡಿದಿಟ್ಟ ಹಣ ಸಾಮಾನ್ಯವಾಗಿ ಬರೋದು ಕರಾರಿನ ನಿರ್ವಹಣಾ ಅವಧಿ ಮುಗಿದ ಮೇಲೆ. ಒಟ್ಟಿಗೆ ಕೇಳಿದ್ರೆ ‘ಅವಧಿ ಮುಗಿದಿಲ್ಲ’ ಎಂಬ ಒಂದೇ ಷರಾಕ್ಕೆ ಇಡೀ ಕಡತ ನಿಲ್ಲುತ್ತೆ. ಆದ್ದರಿಂದ ಎರಡು ಅರ್ಜಿ ಕೊಡಿ. ಮೊದಲನೆಯದರಲ್ಲಿ ಅಳತೆ ಪುಸ್ತಕದ ಸಂಖ್ಯೆ, ಪುಟ ಬರೆಯಿರಿ. ಎರಡನೆಯದರಲ್ಲಿ ಅವಧಿ ಮುಗಿದ ದಿನಾಂಕ.

ಇನ್ನೊಂದು ಅಪಾಯ ಇದೆ. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಡೋದು ಸಾಮಾನ್ಯವಾಗಿ ಮೂರೇ ವರ್ಷ. ನೀವು ನೂರು ಅರ್ಜಿ ಕೊಟ್ರೂ ಆ ಗಡುವು ಮುಂದಕ್ಕೆ ಹೋಗಲ್ಲ. ಆವಕ ವಿಭಾಗದ ಸೀಲು ಅರ್ಜಿ ತಲುಪಿದ್ದಕ್ಕೆ ಸಾಕ್ಷಿ, ಸಾಲಕ್ಕಲ್ಲ. ಮೂರು ವರ್ಷದೊಳಗೆ ಅಧಿಕಾರಿ ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಮಾಡಿದ್ರೆ, ಸಹಿಯ ದಿನದಿಂದ ಹೊಸ ಲೆಕ್ಕ ಶುರು. ‘ಹಣ ಕೊಡಿ’ ಅನ್ನೋದರ ಜೊತೆಗೆ ‘ಬಾಕಿ ಎಷ್ಟು, ಬರೆದು ತಿಳಿಸಿ’ ಅಂತಲೂ ಕೇಳಿ.