ಹೊಟ್ಟೆಯಲ್ಲೇ ಕುಳಿತ ಮಾತ್ರೆ

ಬೆಳಿಗ್ಗೆ ಹನ್ನೊಂದರ ಪೀರಿಯಡ್‌ನಲ್ಲಿ ಶಿಕ್ಷಕಿಯೊಬ್ಬರ ಬಲಗಣ್ಣಿನ ಮೇಲೆ ಸಣ್ಣಗೆ ಮಿಡಿತ ಶುರುವಾಗುತ್ತದೆ. ಅದು ಮೈಗ್ರೇನ್ ಎಂದು ಅವರಿಗೆ ಗೊತ್ತು, ಮಾತ್ರೆಯೂ ಬ್ಯಾಗಿನಲ್ಲೇ ಇದೆ. ಆದರೂ ‘ಇನ್ನೂ ತಡೆದುಕೊಳ್ಳಬಹುದು’ ಎಂದು ಪಾಠ ಮುಂದುವರಿಸುತ್ತಾರೆ. ಒಂದು ಗಂಟೆಗೆ ಬೆಳಕು ಚುಚ್ಚುತ್ತದೆ, ಡಬ್ಬಿ ತೆರೆದರೆ ಸಾರಿನ ವಾಸನೆಗೇ ಹೊಟ್ಟೆ ತೊಳಸುತ್ತದೆ. ಆಗ ಮಾತ್ರೆ ಬಾಯಿಗೆ ಹಾಕಿಕೊಂಡು ಅರ್ಧ ಬಾಟಲಿ ನೀರು ಗಟಗಟ ಕುಡಿಯುತ್ತಾರೆ. ಕಾಲು ಗಂಟೆಯಲ್ಲಿ ಎಲ್ಲ ವಾಂತಿ. ಸಂಜೆ ಮನೆಯಲ್ಲಿ ಬರುವ ತೀರ್ಪು: ‘ಪಿತ್ತ ಏರಿದೆ, ಆ ಮಾತ್ರೆ ನಿನಗೆ ಹಿಡಿಸಲ್ಲ.’

ಮಾತ್ರೆಯ ತಪ್ಪೇನೂ ಇಲ್ಲ. ಅದು ಕೆಲಸ ಮಾಡಬೇಕಾದ ಜಾಗಕ್ಕೆ ತಲುಪಲೇ ಇಲ್ಲ.

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿದರೂ ಅದರ ಹೆಚ್ಚಿನ ಪಾಲು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಮೈಗ್ರೇನ್ ಬಂದಾಗ ಅನೇಕರಲ್ಲಿ ಜಠರದ ಚಲನೆ ಮಂದವಾಗುತ್ತದೆ. ಒಳಗಿರುವುದು ಕೆಳಗಿಳಿಯದೆ ಅಲ್ಲೇ ನಿಲ್ಲುತ್ತದೆ, ಮಾತ್ರೆಯೂ ಅದರೊಂದಿಗೆ ಕಾಯುತ್ತದೆ. ಇದರ ಮೂಲ ಹೊಟ್ಟೆಯಲ್ಲಿಲ್ಲ. ತಲೆನೋವಿನ ಜಾಲ ಕೆರಳಿದಾಗ ಮೆದುಳಿನ ಬುಡದಲ್ಲಿರುವ, ವಾಕರಿಕೆಗೂ ಹೊಟ್ಟೆಯ ಚಲನೆಗೂ ಸಂಬಂಧಿಸಿದ ಕೇಂದ್ರಗಳೂ ಕೆರಳುತ್ತವೆ. ವಾಂತಿಯಾದ ಮೇಲೆ ಕೆಲವರಿಗೆ ನೋವು ಇಳಿಯುವುದರಿಂದ, ಪಿತ್ತ ಹೊರಬಿದ್ದದ್ದಕ್ಕೇ ಗುಣವಾಯಿತು ಎಂದು ನಮಗೆ ಅನಿಸುತ್ತದೆ.

ಮಾತ್ರೆಯನ್ನು ಬೇಗ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ. ನೋವು ಇನ್ನೂ ಸಣ್ಣದಿರುವಾಗ, ವಾಕರಿಕೆ ಜೋರಾಗುವ ಮೊದಲೇ ಮಾತ್ರೆ ಕರುಳಿಗೆ ಇಳಿಯಬೇಕು. ಸುಮಟ್ರಿಪ್ಟಾನ್‌ನಂಥ ಟ್ರಿಪ್ಟಾನ್ ಮಾತ್ರೆಗಳಿಗೆ ಮಾತ್ರ ಒಂದು ಸೂಕ್ಷ್ಮವಿದೆ: ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆಗಳು ಕಾಣುವಾಗಲ್ಲ, ನೋವು ಶುರುವಾದ ಕೂಡಲೇ ಅವನ್ನು ತೆಗೆದುಕೊಳ್ಳಬೇಕು.

ಚೀಟಿಯಲ್ಲಿ ನೋವಿನ ಮಾತ್ರೆಯ ಜೊತೆ ಡೊಂಪೆರಿಡೋನ್ ಅಥವಾ ಮೆಟೊಕ್ಲೋಪ್ರಮೈಡ್ ಏಕಿರುತ್ತದೆ? ಇವು ವಾಂತಿ ತಡೆಯುವುದಷ್ಟೇ ಅಲ್ಲ, ಜಠರವನ್ನು ಮುಂದಕ್ಕೆ ತಳ್ಳಿ ಖಾಲಿ ಮಾಡಿಸುತ್ತವೆ. 1970ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಮೈಗ್ರೇನ್ ಬಂದವರ ರಕ್ತದಲ್ಲಿ ಆಸ್ಪಿರಿನ್ ಅಳೆದಾಗ ಅದು ನಿಧಾನವಾಗಿ ಸೇರುತ್ತಿರುವುದು ಕಂಡಿತು. ಮೆಟೊಕ್ಲೋಪ್ರಮೈಡ್ ಕೊಟ್ಟಾಗ ಸುಧಾರಿಸಿತು. ನಮ್ಮ ಔಷಧಿ ಅಂಗಡಿಗಳಲ್ಲಿ ನ್ಯಾಪ್ರಾಕ್ಸೆನ್ ಮತ್ತು ಡೊಂಪೆರಿಡೋನ್ ಒಂದೇ ಮಾತ್ರೆಯಲ್ಲಿ ಸಿಗುವುದೂ ಈ ಲೆಕ್ಕದಿಂದಲೇ. ವಾಕರಿಕೆ ಇಲ್ಲದವರಿಗೂ ವೈದ್ಯರು ಈ ಜೋಡಿಯನ್ನು ಬರೆಯುವುದುಂಟು.

ಆದರೆ ಇವು ಜೀರಿಗೆ ಕಷಾಯವಲ್ಲ. ಮೆಟೊಕ್ಲೋಪ್ರಮೈಡ್‌ನಿಂದ ಕೆಲವರಿಗೆ, ಹೆಚ್ಚಾಗಿ ಮಕ್ಕಳಿಗೂ ಎಳೆಯ ವಯಸ್ಸಿನವರಿಗೂ, ಕುತ್ತಿಗೆ ತಿರುಚಿಕೊಳ್ಳಬಹುದು, ದವಡೆ ಬಿಗಿಯಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಹಾಗಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಚುಚ್ಚುಮದ್ದಿನಿಂದ ಸರಿಹೋಗುತ್ತದೆ. ಡೊಂಪೆರಿಡೋನ್ ಹೃದಯದ ಬಡಿತದ ಲಯ ಕೆಡಿಸುವ ಸಾಧ್ಯತೆ ಇರುವುದರಿಂದ ಹೃದ್ರೋಗಿಗಳು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಕೆಲವು ಆ್ಯಂಟಿಬಯೋಟಿಕ್ ಹಾಗೂ ಫಂಗಸ್ ಔಷಧಿಗಳ ಜೊತೆಗೂ ಅದು ಸೇರುವುದಿಲ್ಲ.

ಇನ್ನು ನೀರು. ಮಂದವಾದ ಜಠರಕ್ಕೆ ಒಮ್ಮೆಲೇ ಲೋಟಗಟ್ಟಲೆ ಸುರಿದರೆ ಅದು ಹಿಗ್ಗಿ ವಾಂತಿಯನ್ನು ಕರೆಯುತ್ತದೆ. ಮಾತ್ರೆಯನ್ನು ಅದು ಇಳಿಯುವಷ್ಟು ನೀರಿನಲ್ಲಿ ನುಂಗಿ, ಆಮೇಲೆ ಐದು ನಿಮಿಷಕ್ಕೊಮ್ಮೆ ಒಂದೆರಡು ಚಮಚದಂತೆ ಗುಟುಕರಿಸುವುದು ಒಳ್ಳೆಯದು. ವಾಂತಿಯಾಗಿದ್ದರೆ ಹತ್ತು ಹದಿನೈದು ನಿಮಿಷ ಬಿಟ್ಟು ಹಾಗೆಯೇ ಶುರುಮಾಡಬೇಕು. ಓಆರ್‌ಎಸ್ ಅಥವಾ ತೆಳ್ಳಗಿನ ಗಂಜಿತಿಳಿ ಸಾಕು. ವಾಂತಿಯಲ್ಲಿ ಮಾತ್ರೆ ಹೋಯಿತೆಂದು ತಕ್ಷಣ ಇನ್ನೊಂದು ನುಂಗಬಾರದು. ಅಷ್ಟರಲ್ಲಿ ಎಷ್ಟು ರಕ್ತಕ್ಕೆ ಸೇರಿದೆಯೋ ಹೇಳಲಾಗದು. ಹೀಗೆ ಏನಾದರೆ ಏನು ಮಾಡಬೇಕೆಂದು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿ ಸಲವೂ ಬೇಗ ವಾಂತಿಯಾಗುವವರಿಗೆ ಹೊಟ್ಟೆಯ ಹಂಗಿಲ್ಲದ ಮೂಗಿನ ಸ್ಪ್ರೇ, ಇಂಜೆಕ್ಷನ್ ಇವೆ. ನಾಲಗೆಯ ಮೇಲೆ ಕರಗುವ ರಿಜಟ್ರಿಪ್ಟಾನ್ ನುಂಗಲು ಸುಲಭ, ಆದರೆ ಅದೂ ಕರುಳಿನ ಮೂಲಕವೇ ರಕ್ತಕ್ಕೆ ಸೇರಬೇಕು.

ಬೇಗ ಎಂದರೆ ಪದೇ ಪದೇ ಎಂದಲ್ಲ. ತಿಂಗಳಿಗೆ 15 ಅಥವಾ ಹೆಚ್ಚು ದಿನ ಸಾದಾ ನೋವಿನ ಮಾತ್ರೆ, 10 ಅಥವಾ ಹೆಚ್ಚು ದಿನ ಟ್ರಿಪ್ಟಾನ್ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಅಂಥವರಿಗೆ ಬೇಕಾದದ್ದು ನೋವು ಬಾರದಂತೆ ತಡೆಯುವ ಚಿಕಿತ್ಸೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಸೆಟೆದ ಕುತ್ತಿಗೆ, ಕೈಕಾಲಿನ ಬಲ ಕುಂದುವುದು, ಹನಿ ನೀರೂ ನಿಲ್ಲದ ವಾಂತಿ, ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ.

ಆ ಶಿಕ್ಷಕಿ ಮುಂದಿನ ಸಲ ಮಾಡಬೇಕಾದದ್ದು ಇಷ್ಟೇ: ವೈದ್ಯರು ಬರೆದುಕೊಟ್ಟ ಜೋಡಿ ಮಾತ್ರೆಯನ್ನು ಒಂದು ಗಂಟೆಯ ಊಟದ ಬೆಲ್ಲಿಗೆ ಕಾಯದೆ, ಹನ್ನೊಂದಕ್ಕೇ, ಪಾಠದ ನಡುವೆಯೇ ನುಂಗುವುದು.