ನಾಲ್ಕನೇ ಕೋಷ್ಟಕದವರೆಗೆ ಕಾಯಬೇಕಾದ ಆರು

ಕಂಪ್ಯೂಟರ್ ಸೈನ್ಸ್ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಲ್ಗಾರಿದಮ್ಸ್ ಪತ್ರಿಕೆಯ ಒಂದು ಪ್ರಶ್ನೆ ಚಿರಪರಿಚಿತ. ನಾಲ್ಕು ಸೊನ್ನೆ ಸುತ್ತಿ, ನಡುನಡುವೆ ಬಾಣ ಎಳೆದು, ಬಾಣದ ಮೇಲೆ ಅಂಕಿ ಬರೆದಿರುತ್ತಾರೆ. ಫ್ಲಾಯ್ಡ್ ವಿಧಾನದಲ್ಲಿ ಪ್ರತಿ ಜೋಡಿಯ ನಡುವಿನ ಅತಿ ಕಡಿಮೆ ದೂರ ಕಂಡುಹಿಡಿಯಬೇಕು, ಎಲ್ಲ ಹಂತಗಳನ್ನೂ ತೋರಿಸಬೇಕು. ಇರುವುದೇ ನಾಲ್ಕು ಸೊನ್ನೆ, ಹಾಗಾಗಿ ಎಷ್ಟೋ ಉತ್ತರ ಕಣ್ಣಳತೆಯಲ್ಲೇ ಹೊಳೆದುಬಿಡುತ್ತದೆ. ಅಂಕ ಕೈತಪ್ಪುವುದೂ ಹೆಚ್ಚಾಗಿ ಅಲ್ಲೇ.

ಸೊನ್ನೆಗಳನ್ನು 1, 2, 3, 4 ಎಂಬ ಊರುಗಳೆನ್ನೋಣ. ಬಾಣಗಳೆಲ್ಲ ಒಮ್ಮುಖ ರಸ್ತೆಗಳು. 1ರಿಂದ 2ಕ್ಕೆ 9, 1ರಿಂದ 3ಕ್ಕೆ 3, 2ರಿಂದ 1ಕ್ಕೆ 5, 3ರಿಂದ 4ಕ್ಕೆ 2, 4ರಿಂದ 2ಕ್ಕೆ 1. ನೇರ ರಸ್ತೆ ಇಲ್ಲದ ಕಡೆ ಇನ್ಫಿನಿಟಿ, ಊರಿನಿಂದ ಅದೇ ಊರಿಗೆ ಸೊನ್ನೆ. ಹೊರಡುವ ಊರು ಅಡ್ಡಸಾಲು, ತಲುಪುವ ಊರು ಕಂಬಸಾಲು. ಹೀಗೆ ಬರೆದದ್ದು ಮೊದಲ ಕೋಷ್ಟಕ, D0:

```
0  9  3  ∞
5  0  ∞  ∞
∞  ∞  0  2
∞  1  ∞  0
```

D ಪಕ್ಕದ ಆ ಅಂಕಿಯನ್ನು ಬರೀ ಕ್ರಮಸಂಖ್ಯೆ ಎಂದುಕೊಂಡವರೇ ಹೆಚ್ಚು. ಅದು ನಿಜವಾಗಿ ಒಂದು ಷರತ್ತು. D0 ಎಂದರೆ ದಾರಿಯಲ್ಲಿ ಯಾವ ಊರನ್ನೂ ಹಾಯುವಂತಿಲ್ಲ, ನೇರ ರಸ್ತೆ ಮಾತ್ರ. D1 ಎಂದರೆ ನಡುವೆ 1ನ್ನು ಹಾಯಬಹುದು. D2 ಎಂದರೆ 1 ಮತ್ತು 2ನ್ನು ಹಾಯಬಹುದು. D4 ಬರುವ ಹೊತ್ತಿಗೆ ಎಲ್ಲ ಊರೂ ತೆರೆದಿರುತ್ತದೆ, ಅದೇ ಅಂತಿಮ ಉತ್ತರ. ಹೊಸದಾಗಿ k ಎಂಬ ಊರು ತೆರೆದಾಗ ಪ್ರತಿ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ: ಈವರೆಗಿನ ದೂರ ಕಡಿಮೆಯೋ, ಇಲ್ಲಾ k ತನಕ ಹೋಗಿ ಅಲ್ಲಿಂದ ಮುಂದೆ ಹೋದರೆ ಕಡಿಮೆಯೋ?

1ನೇ ಊರು ತೆರೆಯೋಣ. ಅಲ್ಲಿಗೆ ರಸ್ತೆ ಇರುವುದು 2ರಿಂದ ಮಾತ್ರ, ದೂರ 5. ಅಲ್ಲಿಂದ 3ಕ್ಕೆ 3. ಹೀಗಾಗಿ 2ರಿಂದ 3ಕ್ಕೆ ಇನ್ಫಿನಿಟಿ ಇದ್ದದ್ದು 8 ಆಗುತ್ತದೆ. D1ನಲ್ಲಿ ಬದಲಾಗುವುದು ಆ ಒಂದೇ ಮನೆ. ಇನ್ನು 2ನ್ನು ತೆರೆದರೆ 4ನೇ ಅಡ್ಡಸಾಲಿಗೆ ಲಾಭ: 4ರಿಂದ 1ಕ್ಕೆ 1+5, ಅಂದರೆ 6. 4ರಿಂದ 3ಕ್ಕೆ 1+8, ಅಂದರೆ 9. ಈ 8 ಎಲ್ಲಿಂದ ಬಂತು ನೋಡಿ, ಈಗಷ್ಟೇ D1ನಲ್ಲಿ ಹುಟ್ಟಿದ್ದು. ಕೈ ತಪ್ಪಿ D0 ನೋಡಿದವರಿಗೆ ಅಲ್ಲಿ ಸಿಗುವುದು ಇನ್ಫಿನಿಟಿ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. 3ನ್ನು ತೆರೆದಾಗ 1ರಿಂದ 4ಕ್ಕೆ 5, 2ರಿಂದ 4ಕ್ಕೆ 10 ಆಗಿ D3 ಹೀಗಿರುತ್ತದೆ:

```
0  9  3  5
5  0  8  10
∞  ∞  0  2
6  1  9  0
```

ಈಗ 1ರಿಂದ 2ರ ಮನೆ ನೋಡಿ. ಇನ್ನೂ 9 ಇದೆ. ಚಿತ್ರ ನೋಡಿದವರಿಗೆ 1, 3, 4, 2 ಎಂದು ಸುತ್ತಿ ಹೋದರೆ 3+2+1, ಬರೀ 6 ಎಂಬುದು ಆಗಲೇ ಕಂಡಿರುತ್ತದೆ. ತಡೆಯಲಾರದೆ D1ನಲ್ಲೋ D2ನಲ್ಲೋ 6 ಬರೆದುಬಿಡುತ್ತಾರೆ. ಕೊನೆಯ ಉತ್ತರ ಸರಿಯಾಗಿಯೇ ಬಂದರೂ ಆ ಕೋಷ್ಟಕ ತಪ್ಪು. ಆ ದಾರಿ 4ನ್ನು ಹಾಯುತ್ತದೆ, 4 ಇನ್ನೂ ತೆರೆದಿಲ್ಲ. ಹಂತಕ್ಕಿಷ್ಟು ಎಂದು ಅಂಕ ಕೊಡುವ ಮೌಲ್ಯಮಾಪಕರು ಆ ಮನೆಗೆ ಸುತ್ತು ಹಾಕಿದರೆ ದೂರುವಂತಿಲ್ಲ. 4 ತೆರೆದ ಮೇಲೆ 5+1 ಕೂಡಿ 6 ತಾನಾಗಿ ಬರುತ್ತದೆ, ಜೊತೆಗೆ 3ರಿಂದ 1ಕ್ಕೆ 8, 3ರಿಂದ 2ಕ್ಕೆ 3:

```
0  6  3  5
5  0  8  10
8  3  0  2
6  1  9  0
```

ದೂರದ ಜೊತೆ ದಾರಿಯನ್ನೂ ಕೇಳಿದ್ದರೆ, ಪ್ರತಿ ಮನೆ ಕೊನೆಯ ಬಾರಿ ಯಾವ ಊರು ತೆರೆದಾಗ ಬದಲಾಯಿತು ಎಂದು ಬದಿಗೆ ಗುರುತು ಹಾಕಿಕೊಂಡರೆ ಸಾಕು. 3ರಿಂದ 1ರ ಮನೆ ಬದಲಾದದ್ದು 4ರಲ್ಲಿ, 4ರಿಂದ 1ರ ಮನೆ 2ರಲ್ಲಿ. ಹಾಗಾದರೆ ದಾರಿ 3, 4, 2, 1.

ಕೈಯಲ್ಲಿ ಮಾಡುವವರಿಗೆ ಶ್ರಮ ಉಳಿಸುವ ಸಂಗತಿಯೂ ಇದರಲ್ಲೇ ಇದೆ. k ತೆರೆಯುವಾಗ kನೇ ಅಡ್ಡಸಾಲು, kನೇ ಕಂಬಸಾಲು ಬದಲಾಗುವುದಿಲ್ಲ. kಗೆ ಹೋಗಲು kಯನ್ನೇ ಹಾದು ಹೋದರೆ ಸಿಗುವುದೇನು? ಅವೆರಡನ್ನೂ ಮೊದಲು ಹಾಗೇ ಇಳಿಸಿಕೊಳ್ಳಿ, ಕರ್ಣದ ಸೊನ್ನೆಗಳನ್ನೂ ತುಂಬಿ. ಹದಿನಾರು ಮನೆಗಳಲ್ಲಿ ಲೆಕ್ಕ ಹಾಕಲು ಉಳಿಯುವುದು 6 ಮಾತ್ರ. ಊರು ಐದಾದರೆ ಅದೇ 12 ಆಗುತ್ತದೆ, ಕೋಷ್ಟಕವೂ ಒಂದು ಹೆಚ್ಚು. ಪ್ರಶ್ನೆಯಲ್ಲಿ ಸಾಮಾನ್ಯವಾಗಿ ನಾಲ್ಕೇ ಸೊನ್ನೆ ಇರುವುದಕ್ಕೆ ಇದೇ ಕಾರಣವಿರಬೇಕು. ತಪ್ಪು ಪತ್ತೆಹಚ್ಚುವುದೂ ಸುಲಭ: ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹೋಗುವಾಗ ಯಾವುದೇ ಮನೆಯ ಅಂಕಿ ಹೆಚ್ಚಾಗಿದ್ದರೆ ಎಲ್ಲೋ ಎಡವಟ್ಟಾಗಿದೆ.

ಈ ವಿಧಾನವನ್ನು ರಾಬರ್ಟ್ ಫ್ಲಾಯ್ಡ್ 1962ರಲ್ಲಿ ‘ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ’ ಪತ್ರಿಕೆಯಲ್ಲಿ 97ನೇ ಅಲ್ಗಾರಿದಮ್ ಆಗಿ ಪ್ರಕಟಿಸಿದರು. ಸ್ಟೀಫನ್ ವಾರ್ಷಲ್ ಅದೇ ವರ್ಷ ಬರೆದದ್ದು ದೂರದ ಬಗ್ಗೆ ಅಲ್ಲ, ದಾರಿ ಇದೆಯೋ ಇಲ್ಲವೋ ಎಂಬುದರ ಬಗ್ಗೆ. ಮನೆಗಳಲ್ಲಿ 0 ಇಲ್ಲವೇ 1 ಅಷ್ಟೇ. ಫ್ರಾನ್ಸಿನ ಬರ್ನಾರ್ ರೊಯ್ 1959ರಲ್ಲೇ ಹತ್ತಿರ ಹತ್ತಿರ ಇದನ್ನೇ ಹೇಳಿದ್ದರೂ ಹೆಸರಿನಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಕಡಿಮೆ. ಪ್ರೋಗ್ರಾಮ್ ಆಗಿ ಬರೆದರೆ ಇಡೀ ವಿಧಾನ ಇಷ್ಟೇ:

```
for k in 1..n
  for i in 1..n
    for j in 1..n
      d[i][j] = min(d[i][j], d[i][k] + d[k][j])
```

ಮೂರು ಸಾಲೂ ನೋಡಲು ಒಂದೇ ಥರ ಇರುವುದರಿಂದ k ಸಾಲನ್ನು ಒಳಗೆ ತಳ್ಳುವ ತಪ್ಪು ಪದೇ ಪದೇ ಆಗುತ್ತದೆ. ನಮ್ಮ ಊರುಗಳ ಮೇಲೆ ಅದನ್ನು ಓಡಿಸಿದರೆ 1ರಿಂದ 2ಕ್ಕೆ 9 ಹಾಗೇ ಉಳಿಯುತ್ತದೆ, 3ರಿಂದ 1ಕ್ಕೆ ಇನ್ಫಿನಿಟಿಯೇ ಉಳಿಯುತ್ತದೆ. 1ರಿಂದ 2ರ ಮನೆಯನ್ನು ಒಂದೇ ಸಲಕ್ಕೆ ಮುಗಿಸಿ ಮುಂದೆ ಹೋಗುವಾಗ, 1ರಿಂದ 4ಕ್ಕೆ 5 ಎಂಬುದು ಇನ್ನೂ ಗೊತ್ತೇ ಆಗಿರುವುದಿಲ್ಲ. ಗೊತ್ತಾದ ಮೇಲೆ ಹಿಂದಿರುಗಿ ನೋಡುವವರಿಲ್ಲ. ಉಳಿದ ಮನೆಗಳೆಲ್ಲ ಸರಿಯಾಗಿರುತ್ತವೆ, ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಬಾಣದ ಮೇಲೆ ಋಣ ಅಂಕಿ ಇದ್ದರೂ ಈ ವಿಧಾನ ನಡೆಯುತ್ತದೆ, ಸುತ್ತಿ ಹೊರಟಲ್ಲಿಗೇ ಬರುವ ದಾರಿಯ ಮೊತ್ತ ಋಣವಾಗಬಾರದು ಅಷ್ಟೇ. 2ರಿಂದ 1ಕ್ಕೆ 5ರ ಬದಲು -7 ಇಟ್ಟರೆ 1, 3, 4, 2, 1 ಸುತ್ತಿನ ಮೊತ್ತ -1. ಸುತ್ತಿದಷ್ಟೂ ದೂರ ಇಳಿಯುತ್ತಲೇ ಹೋಗುವುದರಿಂದ ಅತಿ ಕಡಿಮೆ ಎಂಬುದೇ ಇರುವುದಿಲ್ಲ. ಕೋಷ್ಟಕ ಇದನ್ನು ಮುಚ್ಚಿಡುವುದಿಲ್ಲ: D3ರಲ್ಲಿ 4ರಿಂದ 4ರ ಮನೆಯ ಸೊನ್ನೆ ಹೋಗಿ -1 ಬಂದಿರುತ್ತದೆ. ಕರ್ಣದಲ್ಲಿ ಋಣ ಅಂಕಿ ಕಂಡ ಕೂಡಲೇ ಅದನ್ನು ಹೇಳಿ ನಿಲ್ಲಿಸಬಹುದು.

ಲ್ಯಾಬಿನಲ್ಲಿ ಇದಕ್ಕೆ ಸೇರಿಕೊಳ್ಳುವ ಇನ್ನೊಂದು ಕಿರಿಕಿರಿ 999. ಇನ್ಫಿನಿಟಿಯ ಬದಲು ಆ ಅಂಕಿ ಟೈಪ್ ಮಾಡುವುದು ವಾಡಿಕೆ. 2ರಿಂದ 1ಕ್ಕೆ -5 ಇಟ್ಟು, 3ರಿಂದ ಹೊರಡುವ ಒಂದೇ ಬಾಣವನ್ನು ಅಳಿಸಿ ಓಡಿಸಿದರೆ 3ರಿಂದ ಎಲ್ಲಿಗೂ ದಾರಿ ಇಲ್ಲ. ಆದರೆ ಪ್ರೋಗ್ರಾಮ್ 999ಕ್ಕೆ -5 ಕೂಡಿ, 999ಕ್ಕಿಂತ ಕಡಿಮೆ ಸಿಕ್ಕಿತೆಂದು 3ರಿಂದ 1ಕ್ಕೆ 994 ಎಂದು ತೋರಿಸುತ್ತದೆ. ಕೂಡುವ ಮೊದಲು ಎರಡರಲ್ಲಿ ಒಂದಾದರೂ 999 ಇದೆಯೇ ಎಂದು ನೋಡಿ, ಇದ್ದರೆ ಆ ಮನೆಯನ್ನು ಬಿಟ್ಟು ಮುಂದೆ ಹೋಗುವ ಒಂದು ಸಾಲು ಸೇರಿಸಿದರೆ ಈ ಸುಳ್ಳು ದಾರಿ ಹುಟ್ಟುವುದಿಲ್ಲ.