ಹದಿನೆಂಟು ರಾತ್ರಿಯ ಬೆಳಕು

ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಬೆಳಗಿದವು. ಆ ಬೆಳಕಿಗೆ ಅಂದು ಇದ್ದ ಎರಡು ಗುಣಗಳು ಇಂದಿಗೂ ಹಾಗೆಯೇ ಇವೆ. ದೀಪದ ಕೆಳಗೆ ನಾನು ನಡೆದು ಹೋದರೆ ನನ್ನ ಹಿಂದೆ ಬರುವವರಿಗೆ ಬೆಳಕೇನೂ ಕಡಿಮೆಯಾಗುವುದಿಲ್ಲ. ದುಡ್ಡು ಕೊಡದವರ ಕಣ್ಣಿಗೆ ಮಾತ್ರ ಕತ್ತಲಾಗುವಂತೆ ದೀಪ ಉರಿಸಲೂ ಬರುವುದಿಲ್ಲ. ಈ ಎರಡೂ ಗುಣಗಳಿರುವುದನ್ನು ಅರ್ಥಶಾಸ್ತ್ರಜ್ಞರು ಸಾರ್ವಜನಿಕ ಸರಕು ಎನ್ನುತ್ತಾರೆ. ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು.

ಇಪ್ಪತ್ತು ಮನೆಗಳ ಒಂದು ಬೀದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಲ್ಲಿನ ದೀಪಗಳ ಕರೆಂಟು ಮತ್ತು ರಿಪೇರಿಗೆ ವರ್ಷಕ್ಕೆ 12,000 ರೂಪಾಯಿ ಬೇಕು ಎಂದಿರಲಿ. ಮನೆಗೆ 600 ರೂಪಾಯಿ ಬಿತ್ತು. ವರ್ಷವಿಡೀ ಬೆಳಕಿದ್ದರೆ ಪ್ರತಿ ಮನೆಗೂ 1,000 ರೂಪಾಯಿಯಷ್ಟು ಪ್ರಯೋಜನವಿದೆ ಎಂದುಕೊಳ್ಳೋಣ. ಎಲ್ಲರೂ ಕೊಟ್ಟರೆ ಎಲ್ಲರಿಗೂ 400 ರೂಪಾಯಿ ಲಾಭ. ಬೇಡ ಎನ್ನಲು ಯಾರಿಗೂ ಕಾರಣವಿಲ್ಲ.

ಆದರೆ ಚಂದಾ ಎತ್ತಲು ಬಂದವರು ಬಾಗಿಲಲ್ಲಿ ನಿಂತಾಗ ಮನೆಯವರ ಮುಂದಿರುವ ಲೆಕ್ಕವೇ ಬೇರೆ. ಒಂದು ಮನೆಯ 600 ರೂಪಾಯಿಯಿಂದ ದೀಪ ಉರಿಯುವುದು ವರ್ಷದಲ್ಲಿ ಸುಮಾರು ಹದಿನೆಂಟು ರಾತ್ರಿ. ಆ ಹದಿನೆಂಟು ರಾತ್ರಿಯ ಬೆಳಕು ಆ ಮನೆಗೆ 50 ರೂಪಾಯಿಯಷ್ಟು ಮಾತ್ರ ಬೆಲೆಬಾಳುತ್ತದೆ. ಅದೇ ರಾತ್ರಿಗಳ ಬೆಳಕಿನ ಉಳಿದ 950 ರೂಪಾಯಿಯ ಪ್ರಯೋಜನ ಹತ್ತೊಂಬತ್ತು ನೆರೆಮನೆಗಳಿಗೆ ಹಂಚಿಹೋಗುತ್ತದೆ. ಕೈ ಬಿಟ್ಟದ್ದು 600, ಕೈಗೆ ಬಂದದ್ದು 50. ಬೇರೆಯವರು ಕೊಡಲಿ, ಬಿಡಲಿ, ಈ ಲೆಕ್ಕ ಬದಲಾಗುವುದಿಲ್ಲ. ಹೀಗಾಗಿ ಕೊಡದೆ ಬೆಳಕು ಪಡೆಯುವ ಬಿಟ್ಟಿ ಸವಾರಿಗೆ ಕೆಟ್ಟ ಮನಸ್ಸೇ ಬೇಕಿಲ್ಲ, ಮನೆಯ ಖರ್ಚನ್ನು ತೂಗಿಸಿ ನೋಡುವವರಿಗೂ ಅದೇ ದಾರಿ ಕಾಣುತ್ತದೆ. ಇಪ್ಪತ್ತೂ ಮನೆಯವರು ಹಾಗೆಯೇ ಯೋಚಿಸಿದರೆ ಬೀದಿ ಕತ್ತಲಾಗುತ್ತದೆ, ಎಲ್ಲರೂ 400 ರೂಪಾಯಿಯ ಲಾಭ ಕಳೆದುಕೊಳ್ಳುತ್ತಾರೆ. ಬೀದಿ ದೀಪದ ಖರ್ಚು ಚಂದಾ ಡಬ್ಬಿಯಿಂದಲ್ಲದೆ ತೆರಿಗೆಯಿಂದ ಬರುವುದು ಇದಕ್ಕಾಗಿ. ನಾನೂ ನೆರೆಯವರೂ ಕೊಡಲೇಬೇಕು ಎಂದಾಗ ನನ್ನ 600ಕ್ಕೆ ಎದುರಾಗಿ ಸಿಗುವುದು ಹದಿನೆಂಟು ರಾತ್ರಿಯಲ್ಲ, ಇಡೀ ವರ್ಷದ ಬೆಳಕು.

ಗಾಳಿಯಲ್ಲೂ ಇದೇ ಲೆಕ್ಕ, ಆದರೆ ಬೀದಿಯ ಬದಲು ಇಡೀ ಊರು. ಪೆಟ್ರೋಲ್ ಕಾರಿನ ಸೈಲೆನ್ಸರ್ ಕೊಳವೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಲೋಹದ ಡಬ್ಬಿ ಕೂತಿರುತ್ತದೆ. ಅದರೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಪಿಂಗಾಣಿ ಗಟ್ಟಿ, ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳುವಾದ ಲೇಪ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವೇರಿದಾಗ ಈ ಲೇಪ ಕೆಲಸಕ್ಕೆ ಇಳಿಯುತ್ತದೆ. ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಸುಡದೆ ಉಳಿದ ಪೆಟ್ರೋಲಿನ ಆವಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ, ಸಾರಜನಕದ ಆಕ್ಸೈಡುಗಳು ಮತ್ತೆ ಸಾರಜನಕವಾಗುತ್ತವೆ.

ಈ ಡಬ್ಬಿಗೆ ದುಡ್ಡು ಕೊಟ್ಟವರು ಕಾರಿನ ಮಾಲೀಕರು. ಆದರೆ ಅದು ತೊಳೆಯುವುದು ಅವರ ಕಾರಿನ ಹಿಂದೆ ಬರುವವರ ಗಾಳಿಯನ್ನು. ಇಪ್ಪತ್ತು ಮನೆಗಳಲ್ಲಿ ಇಪ್ಪತ್ತರಲ್ಲೊಂದು ಪಾಲಾದರೂ ಮರಳಿ ಬಂದಿತ್ತು. ಲಕ್ಷಗಟ್ಟಲೆ ಜನರ ಊರಿನಲ್ಲಿ ಮಾಲೀಕರಿಗೆ ಬರುವ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಐಚ್ಛಿಕವೆಂದು ಬಿಟ್ಟರೆ ಕೊಳ್ಳುವವರು ವಿರಳ. ಅದಕ್ಕೇ 1995ರಲ್ಲಿ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಸೀಸ ಈ ಲೇಪವನ್ನು ಹಾಳುಮಾಡುವುದರಿಂದ ಸೀಸರಹಿತ ಪೆಟ್ರೋಲನ್ನೂ ಜೊತೆಗೆ ತಂದರು. ಕಾರ್ಖಾನೆಯಲ್ಲೇ ಡಬ್ಬಿ ಕೂರಿಸಿದ ಮೇಲೆ ಪ್ರತಿ ಗ್ರಾಹಕರ ಮುಂದೆ ಚಂದಾ ಡಬ್ಬಿ ಹಿಡಿಯುವ ಕೆಲಸವೇ ಇಲ್ಲ.

ಆದರೆ ಈ ಪರಿಹಾರ ಷೋರೂಮಿನ ಬಾಗಿಲವರೆಗೆ ಮಾತ್ರ. ವರ್ಷಗಳು ಕಳೆದು ಕನ್ವರ್ಟರ್ ಕೆಟ್ಟರೂ ಕಾರು ಓಡುತ್ತದೆ. ಹೊಸದಕ್ಕೆ ಸಾವಿರಾರು ರೂಪಾಯಿ ಬೇಕು, ಅದರ ಲಾಭ ಮಾತ್ರ ಊರಿಗೆ. ಹದಿನೆಂಟು ರಾತ್ರಿಯ ಲೆಕ್ಕ ಗ್ಯಾರೇಜಿನಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಇದನ್ನು ಹಿಡಿಯಬೇಕಾದದ್ದು ಎಮಿಷನ್ ಟೆಸ್ಟ್. ಕೊಳವೆಗೆ ಕಡ್ಡಿ ತೂರಿಸಿ ನಿಂತ ಕಾರಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ಅಲ್ಲಿ ಅಳೆಯುವುದಿಲ್ಲ. ಅವು ಹೆಚ್ಚಾಗಿ ಹುಟ್ಟುವುದು ಎಂಜಿನ್ನಿನ ಮೇಲೆ ಭಾರ ಬಿದ್ದಾಗ, ನಿಂತ ಕಾರಿನಲ್ಲಿ ಅಲ್ಲ.

ಕೊನೆಗೆ ಗಾಳಿ ಕೆಟ್ಟಾಗ ಉಳ್ಳವರು ಏರ್ ಪ್ಯೂರಿಫೈಯರ್ ಕೊಳ್ಳುತ್ತಾರೆ. ಅದು ತೊಳೆಯುವುದು ಬಾಗಿಲು ಮುಚ್ಚಿದ ಒಂದು ಕೋಣೆಯ ಗಾಳಿಯನ್ನು, ಕೊಟ್ಟ ದುಡ್ಡಿನ ಪೂರ್ತಿ ಫಲ ಕೊಟ್ಟವರಿಗೇ. ಅದಕ್ಕೇ ಅದು ಅಂಗಡಿಯಲ್ಲಿ ತಾನಾಗಿ ಬಿಕರಿಯಾಗುತ್ತದೆ. ಬೀದಿಯ ಗಾಳಿಯನ್ನು ಮಾರುವ ಅಂಗಡಿ ಇಲ್ಲ. ಅದನ್ನು ದೀಪದ ಹಾಗೆ ಎಲ್ಲರೂ ಕೂಡಿಯೇ ಕೊಳ್ಳಬೇಕು, ನಡುವೆ ಯಾರೂ ತಪ್ಪಿಸಿಕೊಳ್ಳದಂತೆ ಅಳತೆಯನ್ನೂ ಸರಿಯಾಗಿ ಇಡಬೇಕು.